ಒಗ್ಗರಣೆಯ ನೆತ್ತಿಯ ಮೇಲೊಂದು ಕ್ಯಾಮೆರಾ

ಕಳೆದ ಮಳೆಗಾಲದಲ್ಲಿ ಸಾಗರದ ನಮ್ಮ ದೊಡ್ಡಮ್ಮನ ಮನೆಯಲ್ಲಿ ತಿಳಿಸಾರಿನ ವಿಡಿಯೊ ಮಾಡಲು ಕೂತೆ. ಒಲೆಯ ಮೇಲುಗಡೆ ಒಂದು ಅಡ್ಡಪಟ್ಟಿಗೆ ಮೊಬೈಲನ್ನು ಕಟ್ಟಿ, ನೇರ ಕೆಳಗೆ ನೋಡುವ ಹಾಗೆ ಮಾಡಿದೆ. ಈಗ ಎಲ್ಲರೂ ಹೀಗೇ ತೆಗೆಯುತ್ತಾರೆ. ಪಾತ್ರೆ ರಂಗೋಲಿಯ ಚುಕ್ಕಿಯ ಹಾಗೆ ನಡುವೆ ಇರುತ್ತದೆ, ಕೆಳಗಿನಿಂದ ಎರಡು ಕೈ ಬಂದು ಹೋಗುತ್ತವೆ, ಅಡುಗೆಯವರ ಮುಖ ಬೇಡವೇ ಬೇಡ. ರಾತ್ರಿ ಕೂತು ನೋಡಿದರೆ ಚಿತ್ರ ಅಡ್ಡಕ್ಕೆ ತಿರುಗಿತ್ತು, ಸಾರಿನ ಮೇಲೆ ಹಾಲು ಚೆಲ್ಲಿದಂಥ ಮಸುಕಿತ್ತು, ‘ಚುಂಯ್’ ಅನ್ನಬೇಕಾದ ಜಾಗದಲ್ಲಿ ‘ಫುಸ್’ ಅಂತಷ್ಟೇ ಕೇಳುತ್ತಿತ್ತು.

ಅಡ್ಡ ತಿರುಗಿದ್ದರ ಕಾರಣ ಸಣ್ಣದು. ಯಾವ ಕಡೆ ನೆಲ ಎಂಬುದನ್ನು ಮೊಬೈಲು ಗುರುತ್ವದಿಂದ ತಿಳಿಯುತ್ತದೆ. ಅದನ್ನು ಮಕಾಡೆ ಮಲಗಿಸಿದರೆ ಉದ್ದ ಯಾವುದು, ಅಡ್ಡ ಯಾವುದು ಎಂದು ಅದಕ್ಕೂ ಗೊತ್ತಾಗುವುದಿಲ್ಲ. ಕೈಯಲ್ಲಿ ಅಡ್ಡಲಾಗಿ ನೆಟ್ಟಗೆ ಹಿಡಿದು, ರೆಕಾರ್ಡಿಂಗ್ ಶುರುಮಾಡಿ, ಆಮೇಲೆ ಕಟ್ಟಿದರೆ ಸಾಕು.

ಮಸುಕಿನದು ದೊಡ್ಡ ಕಥೆ. ಮೊಬೈಲಿನ ಮಾಮೂಲಿ ಲೆನ್ಸು ಅಗಲವಾಗಿ ನೋಡುತ್ತದೆ. ಪಾತ್ರೆ, ಪಕ್ಕದ ಬಟ್ಟಲುಗಳೆಲ್ಲ ಸೇರಿ 60 ಸೆಂ.ಮೀ. ಅಗಲ ಹಿಡಿಯಬೇಕೆಂದರೆ ಅದು ಹತ್ತಿರತ್ತಿರ 43 ಸೆಂ.ಮೀ. ಎತ್ತರದಲ್ಲಿ ಇರಬೇಕಾಗುತ್ತದೆ. ಅಂದರೆ ಕುದಿಯುವ ಸಾರಿನ ಉಸಿರು ತಾಗುವಷ್ಟು ಹತ್ತಿರ. ಐಸ್ ನೀರಿನ ಲೋಟದ ಹೊರಮೈ ಬೆವರುವ ಹಾಗೆಯೇ, ಮೇಲೇರುವ ಬಿಸಿ ತೇವದ ಗಾಳಿ ತಣ್ಣಗಿನ ಗಾಜಿಗೆ ತಾಗಿ ಹನಿಗಟ್ಟುತ್ತದೆ. ಒಗ್ಗರಣೆ ಸಿಡಿದರೆ ಅದರ ಜೊತೆಗೆ ತುಪ್ಪದ ಸಣ್ಣ ಹನಿಗಳೂ ಬಂದು ಕೂರುತ್ತವೆ, ಅವು ನೀರಿನಂತೆ ತಾನಾಗಿ ಆರುವುದೂ ಇಲ್ಲ. ನಾನು ಅದೇ ಮೊಬೈಲಿನ 2x ಲೆನ್ಸಿಗೆ ಬದಲಾಯಿಸಿದೆ. ಅಷ್ಟೇ ಅಗಲಕ್ಕೆ ಈಗ ಎತ್ತರ ಎರಡರಷ್ಟು, ಸುಮಾರು 87 ಸೆಂ.ಮೀ. ಅಲ್ಲಿಗೆ ಏರುವಷ್ಟರಲ್ಲಿ ಬಿಸಿಗಾಳಿ ಸುತ್ತಲ ಗಾಳಿಯೊಂದಿಗೆ ಬೆರೆತು ತಣಿದಿರುತ್ತದೆ. ಇದರಿಂದ ಮೊಬೈಲಿನ ಜೀವವೂ ಉಳಿಯಿತು. ಐಫೋನಿನ ತಯಾರಕರು ಅದನ್ನು 0ರಿಂದ 35 ಡಿಗ್ರಿ ಸೆಲ್ಸಿಯಸ್‌ವರೆಗಿನ ಹವೆಯಲ್ಲಿ ಬಳಸಿ ಎನ್ನುತ್ತಾರೆ, ಒಲೆಯ ನೆತ್ತಿಯ ಮೇಲಿನ ಗಾಳಿಗೆ ಆ ಲೆಕ್ಕ ಗೊತ್ತಿಲ್ಲ.

ಗಾಜು ಒಣಗಿಯೇ ಇದ್ದರೂ ಮಸುಕು ಪೂರ್ತಿ ಹೋಗಲಿಲ್ಲ. ನೀರಿನ ಆವಿ ಕಣ್ಣಿಗೆ ಕಾಣುವ ವಸ್ತುವಲ್ಲ. ಕುದಿಯುವ ಕೆಟಲ್ಲಿನ ಮೂತಿಯನ್ನು ಗಮನಿಸಿ, ತೀರಾ ಹತ್ತಿರ ಒಂದಷ್ಟು ಜಾಗ ಖಾಲಿಯಾಗಿಯೇ ಕಾಣುತ್ತದೆ. ಅಲ್ಲಿರುವುದೇ ಆವಿ. ಅದು ತಣಿದು ಅತಿಸಣ್ಣ ಹನಿಗಳಾದ ಮೇಲಷ್ಟೇ ನಾವು ‘ಹಬೆ’ ಎನ್ನುವ ಬಿಳಿ ಹುಟ್ಟುತ್ತದೆ. ಈ ಹನಿಗಳು ತಮಗೆ ಬಿದ್ದ ಬೆಳಕಿನ ಬಹುಪಾಲನ್ನು ಅದು ಹೋಗುತ್ತಿದ್ದ ದಿಕ್ಕಿನಲ್ಲೇ, ಮುಂದಕ್ಕೆ ಚೆದುರಿಸುತ್ತವೆ. ಹಾಗಾಗಿ ಬೆಳಕು ಹಬೆಯ ಆಚೆಗಿದ್ದು ನಮ್ಮ ಕಡೆ ಬರುತ್ತಿದ್ದರೆ ಹಬೆ ಹೊಳೆಯುತ್ತದೆ. ಆಗುಂಬೆಯ ಮಂಜಿನಲ್ಲಿ ಎದುರಿಗೆ ಬರುವ ಬಸ್ಸಿನ ದೀಪದ ಸುತ್ತ ಬೆಳ್ಳಗೆ ಉರಿಯುವುದು ಇದೇ. ಪಕ್ಕದಿಂದ ತೆಗೆಯುವವರು ಪಾತ್ರೆಯ ಹಿಂದೆ ಒಂದು ದೀಪ ಇಟ್ಟು ಸುಲಭವಾಗಿ ಗೆಲ್ಲುತ್ತಾರೆ. ಮೇಲಿನಿಂದ ನೋಡುವವನಿಗೆ ಹಬೆಯ ಆಚೆ ಇರುವುದು ಸಾರು, ಅದರಡಿ ಒಲೆ. ದೀಪಕ್ಕೆ ಜಾಗವೇ ಇಲ್ಲ! ಸಾಲದ್ದಕ್ಕೆ ಹಬೆ ಅವನ ಕಡೆಗೇ ಏರುತ್ತಿರುತ್ತದೆ. ಸುರುಳಿ ಸುತ್ತುತ್ತ ಏಳುವ ಅದರ ಚಂದ ಕಾಣಬೇಕಾದರೆ ಎತ್ತರ ಕಾಣಬೇಕು, ಈ ನೋಟದಲ್ಲಿ ಇಲ್ಲದ್ದು ಅದೊಂದೇ.

ಹಾಗಾಗಿ ಹಬೆಯನ್ನೇ ಅಡ್ಡಕ್ಕೆ ಹರಿಸಬೇಕಾಯಿತು. ದೊಡ್ಡಮ್ಮನ ಒಲೆಯ ಕಟ್ಟೆ ಕಡಪ ಕಲ್ಲಿನದು, ಕಪ್ಪು. ಪಾತ್ರೆಯನ್ನು ಚೌಕಟ್ಟಿನ ಎಡಕ್ಕೆ ಸರಿಸಿ ಬಲಕ್ಕೆ ಕಲ್ಲು ಕಾಣುವಂತೆ ಬಿಟ್ಟೆ, ಎಡಗಡೆಯ ಕಿಟಕಿಯ ಒಂದು ಬಾಗಿಲನ್ನು ಬೆರಳಗಲ ತೆರೆದೆ. ಆ ಎಳೆಗಾಳಿಗೆ ಹಬೆ ಬಾಗಿ ಕಪ್ಪು ಕಲ್ಲಿನ ಮೇಲೆ ಹಾಯತೊಡಗಿತು. ತಲೆಯ ಮೇಲಿನ ಟ್ಯೂಬ್‌ಲೈಟ್ ಆರಿಸಿ ಕಿಟಕಿಯ ತಗ್ಗಿನ ಓರೆ ಬೆಳಕೊಂದನ್ನೇ ಉಳಿಸಿಕೊಂಡೆ. ಹೆಂಚಿನ ಮನೆಯ ಬೆಳಕಿಂಡಿಯಿಂದ ಇಳಿದ ಬಿಸಿಲಕೋಲಿನಲ್ಲಿ ಹೊಗೆ ಎದ್ದು ಕಾಣುತ್ತದಲ್ಲ, ಹಾಗೆ ಎಳೆಎಳೆಯಾಗಿ ಬಂತು. ಅದೇ ಹಬೆ ಬಿಳಿ ಅನ್ನದ ಮೇಲಾಗಲಿ, ಹೊಳೆಯುವ ಸ್ಟೀಲಿನ ಮೇಲಾಗಲಿ ಹಾದರೆ ಇದ್ದೂ ಇಲ್ಲದಂತೆ. ಇನ್ನೊಂದು ಉಪಟಳವೆಂದರೆ, ಹಬೆ ಹಾದಾಗಲೆಲ್ಲ ಮೊಬೈಲು ಫೋಕಸ್ ಹುಡುಕುತ್ತ ಚಿತ್ರವನ್ನು ಉಸಿರಾಡಿಸುತ್ತದೆ. ಪರದೆಯ ಮೇಲೆ ಸಾರಿನ ಅಂಚನ್ನು ಒತ್ತಿ ಹಿಡಿದು ‘AE/AF LOCK’ ಬಂದ ಮೇಲೆ ಅದು ಸುಮ್ಮನಾಯಿತು.

ಇನ್ನು ‘ಚುಂಯ್’. ತೊಳೆದ ಕರಿಬೇವಿನ ಮೇಲೆ ಉಳಿದ ನೀರು ಕಾದ ತುಪ್ಪಕ್ಕೆ ಬಿದ್ದರೆ ಅದು ತುಪ್ಪಕ್ಕಿಂತ ಭಾರ, ಕೆಳಗಿಳಿಯುತ್ತದೆ. ಅಲ್ಲಿ ತಟ್ಟನೆ ಆವಿಯಾಗಿ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಆ ಗುಳ್ಳೆಗಳು ಸಾವಿರಗಟ್ಟಲೆ ಒಡೆಯುವ ಸದ್ದುಗಳೆಲ್ಲ ಒಂದರ ಮೇಲೊಂದು ಬಿದ್ದಾಗ ನಮಗೆ ಕೇಳುವುದೇ ಚುಂಯ್. ಸದ್ದು ಕ್ಷೀಣಿಸಿತೆಂದರೆ ನೀರು ಮುಗಿಯಿತು, ಎಲೆ ಗರಿಯಾಯಿತು. ದೊಡ್ಡಮ್ಮ ಸೌಟನ್ನು ನೋಡುವುದೇ ಇಲ್ಲ, ಕಿವಿಯಲ್ಲೇ ಅಡುಗೆ ಮಾಡುತ್ತಾಳೆ.

ಈ ಸದ್ದಿಗೆ ಒಂದು ಸ್ವರ ಎಂಬುದಿಲ್ಲ, ತಗ್ಗಿನಿಂದ ತಾರಕದವರೆಗಿನ ಎಲ್ಲ ಕಂಪನಗಳೂ ಅದರಲ್ಲಿ ಬೆರೆತಿವೆ. ಹೆಂಚಿನ ಮೇಲಿನ ಮಳೆಯ ಸದ್ದೂ ಹಾಗೆಯೇ, ಫ್ಯಾನಿನದೂ ಹಾಗೆಯೇ. ಮಾತು ಸ್ಪಷ್ಟವಾಗಲೆಂದು ಮೊಬೈಲುಗಳಲ್ಲಿ, ಕಾಲರ್ ಮೈಕುಗಳಲ್ಲಿ ಇಟ್ಟಿರುವ ಗದ್ದಲ ತಗ್ಗಿಸುವ ವ್ಯವಸ್ಥೆ ಹುಡುಕಿ ಅಳಿಸುವುದೇ ಇಂಥ ಸದ್ದನ್ನು. ಮೊದಲ ಬಡಿತ ತಪ್ಪಿಸಿಕೊಂಡು ಬಂತು, ಬಾಲವನ್ನು ಅದು ಕತ್ತರಿಸಿತು. ನನ್ನ ಫುಸ್ ಹುಟ್ಟಿದ್ದು ಹೀಗೆ. ಎರಡನೆಯ ಸಲ ಆ ವ್ಯವಸ್ಥೆಯನ್ನು ಆರಿಸಿ, ಇನ್ನೊಂದು ಮೊಬೈಲನ್ನು ಒಲೆಯ ಪಕ್ಕ, ಹಬೆ ಹೋಗದ ಕಡೆ, ಮಡಿಸಿದ ಟವಲ್ಲಿನ ಮೇಲೆ 30 ಸೆಂ.ಮೀ. ದೂರದಲ್ಲಿಟ್ಟೆ. ಮೇಲಿನದಕ್ಕಿಂತ ಹೆಚ್ಚುಕಡಿಮೆ ಮೂರನೇ ಒಂದು ದೂರ, ಅಂದರೆ ಒಗ್ಗರಣೆಯ ಸದ್ದಿನ ಬಲ ಎಂಟುಪಟ್ಟು. ಮಳೆಯ ಸದ್ದು ಎರಡು ಕಡೆಯೂ ಅಷ್ಟೇ. ಶುರುವಿನಲ್ಲಿ ಸೌಟನ್ನು ಪಾತ್ರೆಗೆ ಒಮ್ಮೆ ಟಣ್ ಎನಿಸಿದೆ, ಚಿತ್ರಕ್ಕೂ ಸದ್ದಿಗೂ ಗಂಟು ಹಾಕಲು ಅದೇ ಗುರುತು.

ಉಳಿದದ್ದು ಕ್ರಮ. 2 ಚಮಚ ತುಪ್ಪ, ಅರ್ಧ ಚಮಚ ಸಾಸಿವೆ, ಒಣಮೆಣಸಿನಕಾಯಿ, ಇಂಗು, ಕರಿಬೇವು. ಎಲ್ಲ ಒಂದು ನಿಮಿಷದೊಳಗೆ ಮುಗಿಯುತ್ತದೆ. ಅಳತೆಯ ಬರಹ ಕೈ ಕಾಣಿಸುವ ಮೊದಲೇ ಬರಬೇಕು, ಬಿದ್ದಮೇಲೆ ಬಂದರೆ ಓದುವಾಗ ಮುಂದಿನದು ಬಿದ್ದಿರುತ್ತದೆ. ಸೌಟಿನಲ್ಲಿ ತುಪ್ಪ ಎಷ್ಟು ಆಳ ಇದೆ ಎಂದು ಮೇಲಿನಿಂದ ಹೇಳಲು ಬರುವುದಿಲ್ಲ, ಕಾದಿದೆಯೋ ಇಲ್ಲವೋ ಎಂಬುದೂ ಕಾಣುವುದಿಲ್ಲ. ಅದಕ್ಕೆ ಒಂದೇ ಒಂದು ಸಾಸಿವೆ ಕಾಳು ಹಾಕಿ ಅದು ಸಿಡಿಯುವುದನ್ನು ತೋರಿಸಿದೆ, ತುಪ್ಪ ಸುರಿಯುವುದನ್ನು ಮಾತ್ರ ಪಕ್ಕದಿಂದ ಬೇರೆಯಾಗಿ ತೆಗೆದೆ.

ಸಿದ್ಧವಾದದ್ದನ್ನು ದೊಡ್ಡಮ್ಮನಿಗೆ ತೋರಿಸಿದೆ. ಹಬೆ, ಚುಂಯ್ ಎಲ್ಲ ನೋಡಿದಳು, ಕೇಳಿದಳು, ಏನೂ ಅನ್ನಲಿಲ್ಲ. ಮುಗಿದ ಮೇಲೆ, “ಇಂಗು ಯಾವಾಗ ಹಾಕ್ದೆ ನಾನು? ಕಾಣ್ಲೇ ಇಲ್ವಲ್ಲ ಮಾರಾಯ” ಅಂದಳು. ಹಿಂದಕ್ಕೆ ಸರಿಸಿ ನೋಡಿದೆ. ಹಾಕಿದ್ದಳು, ಆದರೆ ಆ ಚಿಟಿಕೆಯ ಮೇಲೆ ಅವಳದೇ ಅಂಗೈ ಅಡ್ಡ ಬಂದಿತ್ತು.