ಕಾಫಿ ಕುಡಿದರೆ ಕೋಶದ ಕಾವಲು ತಪ್ಪುತ್ತದೆಯೇ?

ಪ್ರಶ್ನೆ: ಡಿಎನ್‌ಎ ಕೆಟ್ಟ ಕೋಶ ವಿಭಜನೆಯಾಗದಂತೆ ಚೆಕ್‌ಪಾಯಿಂಟ್ ತಡೆಯುತ್ತದೆ, ಆದರೆ ಕೆಫೀನ್ ಆ ತಡೆಯನ್ನೇ ತೆಗೆದುಬಿಡುತ್ತದೆ ಅಂತ ಓದಿದೆ. ನಮ್ಮದು ರೊಬಸ್ಟಾ ತೋಟ. ಮನೆಯಲ್ಲಿ ದಿನಕ್ಕೆ ನಾಲ್ಕು ಸಲ ಬೆಲ್ಲದ ಕಾಫಿ ಆಗುತ್ತದೆ. ಹೆದರಬೇಕಾ?
– ಪಿಯುಸಿ ವಿದ್ಯಾರ್ಥಿನಿ, ಗೋಣಿಕೊಪ್ಪ

ನೀವು ಓದಿದ್ದು ಸುಳ್ಳಲ್ಲ. ಆದರೂ ಹೆದರಬೇಕಿಲ್ಲ. ಎರಡೂ ಹೇಗೆ ನಿಜ ಅಂತ ತಿಳಿಯಲು ಆ ತಡೆ ಹೇಗಿರುತ್ತದೆ ಅಂತ ಮೊದಲು ನೋಡೋಣ.

ಚೆಕ್‌ಪಾಯಿಂಟ್ ಅಂದ ಕೂಡಲೇ ನಮಗೆ ಮಾಕುಟ್ಟದ ಚೆಕ್‌ಪೋಸ್ಟ್ ನೆನಪಾಗುತ್ತದೆ. ಕೋಶದೊಳಗೆ ಅಂಥ ಗೇಟು ಎಲ್ಲೂ ಇಲ್ಲ. ಅಲ್ಲಿರುವುದು ಒಂದು ಪ್ರೋಟೀನಿನ ಮೇಲೆ ಕೂತ ಸಣ್ಣ ಫಾಸ್ಫೇಟ್ ಗುಂಪು, ಅಷ್ಟೇ.

ಆ ಪ್ರೋಟೀನಿನ ಹೆಸರು ಸಿಡಿಕೆ1. ಇದೊಂದು ಕೈನೇಸ್, ಅಂದರೆ ಬೇರೆ ಪ್ರೋಟೀನುಗಳಿಗೆ ಫಾಸ್ಫೇಟ್ ಅಂಟಿಸುವ ಕಿಣ್ವ. ಇದು ಚುರುಕಾದರೆ ಕ್ರೋಮೋಸೋಮುಗಳು ಗಟ್ಟಿಯಾಗಿ ಸುತ್ತಿಕೊಳ್ಳುತ್ತವೆ, ಕೋಶಕೇಂದ್ರದ ಪೊರೆ ಒಡೆಯುತ್ತದೆ, ವಿಭಜನೆ ಶುರುವಾಗುತ್ತದೆ. ವಿಭಜನೆಯಾಗುತ್ತಲೇ ಇರುವ ಕೋಶದಲ್ಲಿ ಸಿಡಿಕೆ1ರ ಪ್ರಮಾಣ ಹೆಚ್ಚುಕಡಿಮೆ ಒಂದೇ ಇರುತ್ತದೆ. ಏರಿಳಿಯುವುದು ಅದರ ಜೊತೆಗಾರ ಸೈಕ್ಲಿನ್ ಬಿ. ಸೈಕ್ಲಿನ್ ಬಂದು ಕೂಡಿಕೊಳ್ಳದೆ ಸಿಡಿಕೆ1 ಕೆಲಸ ಮಾಡುವುದಿಲ್ಲ. 1982ರಲ್ಲಿ ಟಿಮ್ ಹಂಟ್ ಸಮುದ್ರದ ಅರ್ಚಿನ್ ಮೊಟ್ಟೆಗಳಲ್ಲಿ ಕಂಡಿದ್ದು ಇಂಥದೇ ಒಂದು ಪ್ರೋಟೀನನ್ನು. ಅದು ಸ್ವಲ್ಪಸ್ವಲ್ಪವೇ ಹೆಚ್ಚಾಗಿ, ಪ್ರತಿ ವಿಭಜನೆಯಲ್ಲೂ ಇದ್ದಕ್ಕಿದ್ದಂತೆ ಮಾಯವಾಗುತ್ತಿತ್ತು.

ಹಾಗಾದರೆ ಸೈಕ್ಲಿನ್ ಸಾಕಷ್ಟು ಸೇರಿದ ಕೂಡಲೇ ವಿಭಜನೆ ಆಗಬೇಕು, ಅಲ್ವಾ? ಆಗುವುದಿಲ್ಲ. ಡಿಎನ್‌ಎ ನಕಲು ಮುಗಿದ ಮೇಲಿನ ಜಿ2 ಹಂತದಲ್ಲಿ ಸೈಕ್ಲಿನ್ ಸೇರುತ್ತಿದ್ದಂತೆ ವೀ1 ಎಂಬ ಇನ್ನೊಂದು ಕೈನೇಸ್ ಬಂದು ಸಿಡಿಕೆ1ರ 15ನೇ ಅಮೈನೋ ಆಮ್ಲಕ್ಕೆ, ಅಂದರೆ ಒಂದು ಟೈರೋಸಿನ್‌ಗೆ, ಫಾಸ್ಫೇಟ್ ಅಂಟಿಸುತ್ತದೆ. ಜೋಡಿ ಸಿದ್ಧವಾಗಿದ್ದರೂ ಸುಮ್ಮನಿರುತ್ತದೆ. ಈ ಫಾಸ್ಫೇಟನ್ನು ಕಿತ್ತುಹಾಕುವುದು ಸಿಡಿಸಿ25 ಎಂಬ ಕಿಣ್ವ. ಪಾಲ್ ನರ್ಸ್ ಒಂದು ಬಗೆಯ ಯೀಸ್ಟಿನಲ್ಲಿ ಇದನ್ನು ಚೆನ್ನಾಗಿ ತೋರಿಸಿದರು. ವೀ1 ಕೆಟ್ಟ ಯೀಸ್ಟ್ ಕೋಶಗಳು ಪೂರ್ತಿ ಬೆಳೆಯುವವರೆಗೆ ಕಾಯುವುದಿಲ್ಲ. ಮಾಮೂಲಿ ಕೋಶದ ಸುಮಾರು ಅರ್ಧ ಗಾತ್ರದಲ್ಲೇ ವಿಭಜನೆಯಾಗಿಬಿಡುತ್ತವೆ.

ಇಲ್ಲಿ ನನಗೆ ತುಂಬಾ ಇಷ್ಟವಾಗುವ ವಿಷಯ ಒಂದಿದೆ. ಸ್ವಲ್ಪ ಸಿಡಿಕೆ1 ಚುರುಕಾದರೆ ಸಾಕು, ಅದೇ ಸಿಡಿಸಿ25ನ್ನು ಇನ್ನಷ್ಟು ಎಬ್ಬಿಸುತ್ತದೆ, ವೀ1ನ್ನು ಅಡಗಿಸುತ್ತದೆ. ಹಾಗಾಗಿ ಕೋಶ ಅರೆಮನಸ್ಸಿನಲ್ಲಿ ವಿಭಜನೆಗೆ ಇಳಿಯುವುದಿಲ್ಲ. ಒಂದೋ ಪೂರ್ತಿ, ಇಲ್ಲದಿದ್ದರೆ ಇಲ್ಲವೇ ಇಲ್ಲ.

ಈಗ ಎಕ್ಸ್‌ರೇ ತಾಗಿ ಡಿಎನ್‌ಎ ತುಂಡಾಯಿತು ಅಂತಿಟ್ಟುಕೊಳ್ಳಿ. ಎಟಿಎಂ, ಎಟಿಆರ್ ಎಂಬ ಕೈನೇಸ್‌ಗಳು ಅದನ್ನು ಗುರುತಿಸಿ ಚೆಕ್1, ಚೆಕ್2 ಎಂಬ ಕೈನೇಸ್‌ಗಳನ್ನು ಎಬ್ಬಿಸುತ್ತವೆ. ಇವು ಸಿಡಿಸಿ25ರ ಕೈ ಕಟ್ಟುತ್ತವೆ. ಫಾಸ್ಫೇಟ್ ಕೀಳುವವರಿಲ್ಲ, ಹಾಗಾಗಿ ಸೈಕ್ಲಿನ್ ಎಷ್ಟೇ ಇದ್ದರೂ ಸಿಡಿಕೆ1 ಏಳುವುದಿಲ್ಲ. ಡಿಎನ್‌ಎ ರಿಪೇರಿಗೆ ಅಷ್ಟರಲ್ಲಿ ಸಮಯ ಸಿಗುತ್ತದೆ.

ಕೆಫೀನ್ ಕೈಹಾಕುವುದು ಈ ಎಟಿಎಂ, ಎಟಿಆರ್‌ಗಳಿಗೇ. ಪ್ರಯೋಗಾಲಯದಲ್ಲಿ ಬೆಳೆಸಿದ ಕೋಶಗಳಿಗೆ ವಿಕಿರಣ ತಾಗಿಸಿ ಕೆಫೀನ್ ಹಾಕಿದರೆ, ಜಿ2ನಲ್ಲಿ ನಿಲ್ಲಬೇಕಾದ ಕೋಶಗಳು ಒಡೆದ ಡಿಎನ್‌ಎ ಸಮೇತ ವಿಭಜನೆಗೆ ನುಗ್ಗುತ್ತವೆ. ಮೈಕ್ರೋಸ್ಕೋಪಿನಲ್ಲಿ ಇದರ ಗುರುತು ಸಿಗುತ್ತದೆ. ಮರಿಕೋಶದಲ್ಲಿ ದೊಡ್ಡ ಕೋಶಕೇಂದ್ರದ ಪಕ್ಕ ಪುಟ್ಟದೊಂದು ದುಂಡು ಚುಕ್ಕೆ ಇರುತ್ತದೆ. ಎಳೆಯಲು ಹಿಡಿ ಸಿಗದೆ ಹಿಂದುಳಿದ ಕ್ರೋಮೋಸೋಮಿನ ತುಂಡು ಅದು. ಮೈಕ್ರೋನ್ಯೂಕ್ಲಿಯಸ್ ಅನ್ನುತ್ತಾರೆ.

ಇನ್ನು ನಿಮ್ಮ ಮನೆಯ ಕಾಫಿ. ಅರೇಬಿಕಾಗಿಂತ ರೊಬಸ್ಟಾ ಬೀಜದಲ್ಲಿ ಕೆಫೀನ್ ಸುಮಾರು ಎರಡು ಪಟ್ಟು. ಆದ್ದರಿಂದ ಒಂದು ಲೋಟಕ್ಕೆ ಧಾರಾಳವಾಗಿ 150 ಮಿಲಿಗ್ರಾಂ ಅಂತಲೇ ಹಿಡಿಯೋಣ. 60 ಕೆಜಿ ತೂಕದವರ ಮೈಯಲ್ಲಿ ಅದು ಸುಮಾರು 35 ಲೀಟರ್ ನೀರಿನಲ್ಲಿ ಹರಡಿಕೊಂಡರೆ ಲೀಟರಿಗೆ 5 ಮಿಲಿಗ್ರಾಂ ಕೂಡ ಆಗುವುದಿಲ್ಲ. ನಾಲ್ಕು ಲೋಟ ಒಟ್ಟಿಗೇ ಕುಡಿದರೂ ಸುಮಾರು 17 ಮಿಲಿಗ್ರಾಂ. ಆ ಪ್ರಯೋಗಗಳಲ್ಲಿ ಹಾಕುವುದು ಲೀಟರಿಗೆ ಸಾಮಾನ್ಯವಾಗಿ 400 ಮಿಲಿಗ್ರಾಂ ಅಥವಾ ಇನ್ನೂ ಜಾಸ್ತಿ. ರಕ್ತದಲ್ಲಿ ಕೆಫೀನ್ ಲೀಟರಿಗೆ 80 ಮಿಲಿಗ್ರಾಂ ದಾಟಿದರೇ ಜೀವಕ್ಕೆ ಅಪಾಯ. ಅಂದರೆ ಕಾಫಿಯಿಂದ ಈ ತಡೆ ತಪ್ಪುವಷ್ಟು ಕೆಫೀನ್ ಮೈಗೆ ಸೇರುವುದಕ್ಕೆ ಸಾಧ್ಯವೇ ಇಲ್ಲ.

ಕ್ಯಾನ್ಸರ್ ಸಂಶೋಧಕರು ಮಾತ್ರ ಇದೇ ತಡೆಯನ್ನು ಬೇಕೆಂದೇ ತೆಗೆಯಲು ನೋಡುತ್ತಿದ್ದಾರೆ. ಅನೇಕ ಗಡ್ಡೆಗಳಲ್ಲಿ ಪಿ53 ಎಂಬ ಪ್ರೋಟೀನ್ ಕೆಟ್ಟಿರುತ್ತದೆ. ಅದಿಲ್ಲದೆ ಡಿಎನ್‌ಎ ನಕಲಿಗೆ ಮೊದಲಿನ ಜಿ1 ಹಂತದ ತಡೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಹಾಗಾಗಿ ಅಂಥ ಕೋಶಗಳು ಜಿ2 ತಡೆಯನ್ನೇ ಜಾಸ್ತಿ ನೆಚ್ಚಿಕೊಂಡಿರುತ್ತವೆ. ಅದನ್ನೂ ಕಿತ್ತರೆ ಅವು ಒಡೆದ ಡಿಎನ್‌ಎ ಹೊತ್ತು ವಿಭಜನೆಗೆ ಇಳಿದು ಸಾಯುತ್ತವೆ. ಅದಕ್ಕೆ ಕೆಫೀನ್ ಸಾಲದು. ಅಡಾವೋಸರ್ಟಿಬ್‌ನಂಥ, ನೇರವಾಗಿ ವೀ1ನ್ನೇ ತಡೆಯುವ ಔಷಧಿಗಳನ್ನು ರೋಗಿಗಳಲ್ಲಿ ಪರೀಕ್ಷೆ ಮಾಡಿದ್ದಾರೆ. ಆರೋಗ್ಯವಂತ ರಕ್ತಕೋಶಗಳಿಗೂ ಪೆಟ್ಟು ಬೀಳುವುದರಿಂದ ಎಷ್ಟು ಡೋಸ್ ಕೊಡಬಹುದು ಎಂಬುದೇ ಅಲ್ಲಿ ಕಷ್ಟದ ಲೆಕ್ಕ.