ಒಳಕೊಳವೆಗೆ ಬಳಿಯಬೇಕೋ, ಹೊರಕೊಳವೆಗೋ?

ಓದುಗರ ಪ್ರಶ್ನೆ: ಒಂದರೊಳಗೊಂದು ಎರಡು ಉದ್ದನೆಯ ಕೊಳವೆಗಳಿವೆ. ಒಂದರ ಎಮಿಸಿವಿಟಿ, ಅಂದರೆ ಮೈ ಶಾಖದ ಕಿರಣ ಸೂಸುವ ಪ್ರಮಾಣ, 0.07, ಇನ್ನೊಂದರದ್ದು 0.9. ಯಾವುದು ಒಳಗಿದ್ದರೂ ದಾಟುವ ಶಾಖ ಅಷ್ಟೇ ಅಲ್ವಾ?

ಅಲ್ಲ. ಎಷ್ಟು ವ್ಯತ್ಯಾಸ ಬರುತ್ತದೆ ಅನ್ನೋದು ಕೊಳವೆಗಳ ವ್ಯಾಸದ ಮೇಲಿದೆ. ಸೂತ್ರ ಇದು. q ದಾಟುವ ಶಾಖ, σ ಸ್ಟೀಫನ್-ಬೋಲ್ಟ್ಸ್‌ಮನ್ ಸ್ಥಿರಾಂಕ, A ಮೈಯ ವಿಸ್ತೀರ್ಣ, T ಕೆಲ್ವಿನ್‌ನಲ್ಲಿ ಉಷ್ಣತೆ, ε ಎಮಿಸಿವಿಟಿ; 1 ಅಂದರೆ ಒಳಗಿನದು, 2 ಅಂದರೆ ಹೊರಗಿನದು:

```
q = σ A1 (T1^4 − T2^4) / [1/ε1 + (A1/A2)(1/ε2 − 1)]
```

ಟೆರೇಸಿನ ಮೇಲಿನ ಸೋಲಾರ್ ಹೀಟರಿನ ಗಾಜಿನ ಟ್ಯೂಬನ್ನೇ ತಗೊಳ್ಳಿ. ಒಳಗಿನ ಗಾಜಿನ ವ್ಯಾಸ 47 ಮಿ.ಮೀ. ಹೊರಗಿನದರ ಒಳವ್ಯಾಸ ಸುಮಾರು 55. ನಡುವೆ ಗಾಳಿ ಇಲ್ಲ. ಕಡು ನೀಲಿಯಾಗಿ ಕಾಣೋ ಲೇಪ ಒಳಗಿನ ಗಾಜಿನ ಮೇಲಿದೆ. ಅದರ ಎಮಿಸಿವಿಟಿ 0.07, ಹೊರಗಿನ ಗಾಜಿನದು 0.9 ಅಂತಿಟ್ಟುಕೊಳ್ಳೋಣ. ಒಳಗೆ 80 ಡಿಗ್ರಿ, ಹೊರಗೆ 27. ಲೆಕ್ಕಕ್ಕೆ ಇವು 353 ಮತ್ತು 300 ಕೆಲ್ವಿನ್. ಸೆಲ್ಸಿಯಸ್ಸನ್ನೇ ಹಾಕಿದರೆ ಉತ್ತರ ಪೂರ್ತಿ ತಪ್ಪು. ಒಂದು ಮೀಟರ್ ಉದ್ದಕ್ಕೆ ಸುಮಾರು 4.3 ವ್ಯಾಟ್ ನಷ್ಟವಾಗುತ್ತದೆ. ಎಮಿಸಿವಿಟಿ ಅದಲುಬದಲು ಮಾಡಿದರೆ ಸುಮಾರು 5. (ಇದು ಕಾಗದದ ಮೇಲೆ ಮಾತ್ರ. ಲೇಪ ಹೊರಗಿನ ಗಾಜಿಗೆ ಬಳಿದರೆ ಬಿಸಿಲು ಒಳಗೇ ಬರಲ್ಲ.) ಇಲ್ಲಿ A1/A2 0.85ರ ಹತ್ತಿರ ಇದೆ, ಎರಡೂ ಮೈ ಹೆಚ್ಚುಕಡಿಮೆ ಒಂದೇ ಅಳತೆ. ಅದಕ್ಕೇ ವ್ಯತ್ಯಾಸ ಸಣ್ಣದು.

ಈಗ ಉಷ್ಣತೆ ಅವೇ ಇರಲಿ, 50 ಮಿ.ಮೀ. ಕೊಳವೆಯ ನಡುವೆ 5 ಮಿ.ಮೀ. ಸರಳು ಇಡಿ. ಸರಳಿನದು 0.07 ಆದರೆ ಮೀಟರಿಗೆ 0.46 ವ್ಯಾಟ್. ಹೊರಗಿನದು 0.07 ಆಗಿ ಸರಳು 0.9 ಆದರೆ 2.7 ವ್ಯಾಟ್. ಹತ್ತಿರ ಹತ್ತಿರ ಆರು ಪಟ್ಟು!

ಯಾಕೆ ಹೀಗೆ? ಸರಳಿನಿಂದ ಹೊರಟ ಕಿರಣವೆಲ್ಲ ಹೊರಗಿನ ಗೋಡೆಗೇ ಬೀಳುತ್ತದೆ. ಗೋಡೆ ಅದನ್ನು ಎಲ್ಲ ದಿಕ್ಕಿಗೂ ಚೆದುರಿಸಿದಾಗ ಹತ್ತರಲ್ಲಿ ಒಂದು ಪಾಲು ಮಾತ್ರ ಸರಳಿಗೆ ವಾಪಸ್ ಬರುತ್ತದೆ. ಉಳಿದ ಒಂಬತ್ತು ಪಾಲು ಅದೇ ಗೋಡೆಯ ಬೇರೆ ಕಡೆಗೆ ಹೋಗುತ್ತದೆ. ಪ್ರತಿ ಸಲ ಬಿದ್ದಾಗಲೂ ಗೋಡೆ ಒಂದಿಷ್ಟು ಹೀರುತ್ತದೆ. ಹೀಗೆ ಬಡಿದು ಬಡಿದು ಹೊಳೆಯೋ ಗೋಡೆಯೂ ತನ್ನ ಎಮಿಸಿವಿಟಿಗಿಂತ ಎಷ್ಟೋ ಜಾಸ್ತಿ ಕಪ್ಪಾಗಿ ನಡೆದುಕೊಳ್ಳುತ್ತದೆ. ಸೂತ್ರದಲ್ಲಿ ε2 ಇರುವ ಭಾಗಕ್ಕೆ ಮಾತ್ರ A1/A2 ಅಂಟಿಕೊಂಡಿರೋದು ಇದಕ್ಕೇ.

ಅನುಪಾತ ತಲೆಕೆಳಗಾಗಿದೆಯಾ ಅಂತ ಅನುಮಾನ ಬಂದರೆ A2 ಅನ್ನು ತುಂಬಾ ದೊಡ್ಡದು ಮಾಡಿ ನೋಡಿ. ε2 ಮಾಯವಾಗಿ, σ ε1 A1 (T1^4 − T2^4) ಮಾತ್ರ ಉಳಿಯಬೇಕು. ದೊಡ್ಡ ಕೋಣೆಯಲ್ಲಿಟ್ಟ ಸಣ್ಣ ವಸ್ತುವಿನ ಸೂತ್ರ ಅದೇ.

ಒಂದು ಮಿತಿ ಮಾತ್ರ ನೆನಪಿರಲಿ. ಗೋಡೆ ಕಿರಣವನ್ನು ಚೆದುರಿಸುತ್ತದೆ ಅಂತ ಈ ಸೂತ್ರ ನಂಬಿದೆ. ಹೊರಗಿನ ಗೋಡೆ ಬೆಳ್ಳಿ ಲೇಪದ ನುಣುಪು ಕನ್ನಡಿಯಾಗಿದ್ದರೆ, ಕೇಂದ್ರ ಒಂದೇ ಆದ್ದರಿಂದ, ಸರಳಿನಿಂದ ಬಂದ ಕಿರಣ ನೇರವಾಗಿ ಸರಳಿಗೇ ವಾಪಸ್. ಆಗ A1/A2 ಇರುವ ಜಾಗಕ್ಕೆ 1 ಹಾಕಬೇಕು. ಆ 2.7 ವ್ಯಾಟ್ 0.46ಕ್ಕೆ ಇಳಿಯುತ್ತದೆ, ಲೇಪ ಯಾವ ಕಡೆ ಇದ್ದರೂ ಅಷ್ಟೇ.