ಐದು ದಿನದಲ್ಲಿ ಇಳಿದ 2.6 ಕೆ.ಜಿ.ಯಲ್ಲಿ ಕೊಬ್ಬು ಎಷ್ಟು?

ಮಡಿಕೇರಿಯಲ್ಲಿರುವ ನನ್ನ ಸೋದರಮಾವ ಅಕ್ಕಿ ರೊಟ್ಟಿ, ನೂಪುಟ್ಟು, ಅನ್ನ ಎಲ್ಲವನ್ನೂ ಬಿಟ್ಟು ಮಾಂಸ, ಮೊಟ್ಟೆ, ಸೊಪ್ಪುಗಳನ್ನಷ್ಟೇ ತಿನ್ನತೊಡಗಿದ ಐದನೆಯ ದಿನ ಅವರ ತೂಕ 78ರಿಂದ 75.4 ಕೆ.ಜಿ.ಗೆ ಇಳಿದಿತ್ತು. ಊಟದ ಲೆಕ್ಕ ಹಾಕಿದಾಗ ದಿನಕ್ಕೆ ಸುಮಾರು 500 ಕಿಲೊಕ್ಯಾಲರಿ, ಅಂದರೆ ಐದು ದಿನಕ್ಕೆ 2500 ಕಿಲೊಕ್ಯಾಲರಿ ಕೊರತೆ ಬಿದ್ದಿತ್ತು. ಒಂದು ಕೆ.ಜಿ. ಕೊಬ್ಬಿನ ಅಂಗಾಂಶದಲ್ಲಿ ಸುಮಾರು 7700 ಕಿಲೊಕ್ಯಾಲರಿ ಇರುವುದರಿಂದ, ಕೊರತೆಯೆಲ್ಲ ಕೊಬ್ಬಿನಿಂದಲೇ ತುಂಬಿದ್ದರೂ ಇಳಿಯಬೇಕಾದದ್ದು 325 ಗ್ರಾಂ ಮಾತ್ರ. ಉಳಿದ ತೂಕ ಎಲ್ಲಿಗೆ ಹೋಯಿತು ಎಂಬಲ್ಲಿ ನಾನು ಬಹಳ ಹೊತ್ತು ಸಿಕ್ಕಿಕೊಂಡಿದ್ದೆ.

ದೇಹವು ಸಕ್ಕರೆಯನ್ನು ಗ್ಲೈಕೋಜನ್ ರೂಪದಲ್ಲಿ ಯಕೃತ್ತಿನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ ಸುಮಾರು 400 ಗ್ರಾಂ ಕೂಡಿಡುತ್ತದೆ. ಇದು ಒಣ ದಾಸ್ತಾನಲ್ಲ. ಪ್ರತಿ ಗ್ರಾಂ ಜೊತೆ ಸುಮಾರು 3 ಗ್ರಾಂ ನೀರೂ ಹಿಡಿದಿರುತ್ತದೆ. ನಾನು ಎಡವಿದ್ದು ಇಲ್ಲಿಯೇ. ಒಂದು ಗ್ರಾಂ ಗ್ಲೈಕೋಜನ್ 4 ಕಿಲೊಕ್ಯಾಲರಿ ಕೊಡುತ್ತದೆ, ಆದರೆ ಅದು ಉರಿದಾಗ ದೇಹದಿಂದ ಕಳೆಯುವ ತೂಕವೂ ನೀರು ಸೇರಿ 4 ಗ್ರಾಂ. ನೀರಿನಲ್ಲಿ ಶಕ್ತಿಯಿಲ್ಲ. ಹಾಗಾಗಿ ಈ ದಾಸ್ತಾನಿನ ಒಂದು ಕೆ.ಜಿ.ಯಲ್ಲಿರುವುದು ಸುಮಾರು 1000 ಕಿಲೊಕ್ಯಾಲರಿ ಮಾತ್ರ, ಕೊಬ್ಬಿನ ಎಂಟನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು. ಅಷ್ಟೇ ಕೊರತೆಯನ್ನು ತುಂಬಲು ಅದು ಸುಮಾರು ಎಂಟು ಪಟ್ಟು ತೂಕವನ್ನು ಬಿಟ್ಟುಕೊಡಬೇಕಾಗುತ್ತದೆ.

ಮಾವನ ಲೆಕ್ಕಕ್ಕೆ ಮರಳೋಣ. ತೋಟದ ಏರಿಳಿತದಲ್ಲಿ ದಿನವೂ ನಡೆಯುವ ಅವರ ದೇಹದಲ್ಲಿ 400 ಗ್ರಾಂ ಗ್ಲೈಕೋಜನ್ ಖರ್ಚಾಗಿದೆ ಎಂದುಕೊಂಡರೆ, ಅದರಿಂದ 1600 ಕಿಲೊಕ್ಯಾಲರಿ ಬರುತ್ತದೆ, ನೀರು ಸೇರಿ 1.6 ಕೆ.ಜಿ. ತೂಕ ಹೋಗುತ್ತದೆ. ಕೊಬ್ಬಿನ ಪಾಲಿಗೆ ಉಳಿಯುವುದು 900 ಕಿಲೊಕ್ಯಾಲರಿ, ಅಂದರೆ 120 ಗ್ರಾಂಗಿಂತಲೂ ಕಡಿಮೆ. ಮೊದಲು ನಾನು ಎಣಿಸಿದ್ದ 325 ಗ್ರಾಂ ಕೂಡ ಹೆಚ್ಚೇ ಆಗಿತ್ತು.

ಉಳಿದ ಸುಮಾರು 0.9 ಕೆ.ಜಿ.ಗೆ ಮುಖ್ಯ ಕಾರಣ ಉಪ್ಪು. ಪಿಷ್ಟ ಕಡಿಮೆಯಾದಾಗ ಇನ್ಸುಲಿನ್ ಇಳಿಯುತ್ತದೆ, ಮೂತ್ರಪಿಂಡಗಳು ಹೆಚ್ಚು ಸೋಡಿಯಂ ಹೊರಹಾಕುತ್ತವೆ, ಅದರ ಹಿಂದೆ ನೀರೂ ಹೋಗುತ್ತದೆ. ಮೊದಲ ದಿನಗಳಲ್ಲಿ ಪದೇ ಪದೇ ಮೂತ್ರಕ್ಕೆ ಹೋಗುವುದು, ಎದ್ದು ನಿಂತಾಗ ತಲೆ ಸುತ್ತುವುದು ಇದರ ಗುರುತು. ರಕ್ತದೊತ್ತಡದ ಅಥವಾ ಮಧುಮೇಹದ ಔಷಧಿ ತೆಗೆದುಕೊಳ್ಳುವವರು ಮೊದಲೇ ವೈದ್ಯರನ್ನು ಕೇಳಬೇಕು. ಕರುಳಿನಲ್ಲಿರುವ ಆಹಾರ ಕಡಿಮೆಯಾಗುವುದೂ ಸ್ವಲ್ಪ ಸೇರುತ್ತದೆ.

ಪುತ್ತರಿ ಹಬ್ಬದಲ್ಲಿ ಮಾವ ಎರಡು ದಿನ ಹಂದಿ ಸಾರಿನ ಜೊತೆ ಅಕ್ಕಿಯ ಕಡಂಬುಟ್ಟು ತಿಂದರು, 1.5 ಕೆ.ಜಿ. ಮರಳಿತು. ಅದು ಕೊಬ್ಬೇ ಆಗಿದ್ದರೆ ಅಗತ್ಯಕ್ಕಿಂತ 11,500 ಕಿಲೊಕ್ಯಾಲರಿಯಷ್ಟು ಹೆಚ್ಚು ತಿಂದಿರಬೇಕಿತ್ತು. ತುಂಬಿಕೊಂಡದ್ದು ಗ್ಲೈಕೋಜನ್, ಉಪ್ಪು, ನೀರು. ಆದ್ದರಿಂದ ಈಗ ನಾನು ಮೊದಲ ಎರಡು ವಾರದ ಅಂಕಿಗಳನ್ನು ಬದಿಗಿಟ್ಟು, ಮೂರನೆಯ ವಾರದಿಂದ ವಾರದ ಸರಾಸರಿ ತೂಕವನ್ನಷ್ಟೇ ಬರೆದಿಡುತ್ತಿದ್ದೇನೆ.